ಬ್ರಿಟನ್ ವೀಸಾ ಅರ್ಜಿ: ಸ್ಪಾನ್ಸರ್ ಎಂದರೆ ಪತಿಯೋ ಕಂಪನಿಯೋ? ಡಿಪೆಂಡೆಂಟ್ ಮತ್ತು ಎಂಡಾರ್ಸ್‌ಮೆಂಟ್ ಬಗ್ಗೆಯೂ ಕೆಲವು ಸಂದೇಹಗಳು

ಶಾಲಿನಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನ ಪತಿ ಕಳೆದ ಫೆಬ್ರವರಿಯಲ್ಲಿ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಲೀಡ್ಸ್‌ಗೆ ಹೋಗಿದ್ದಾರೆ. ನಾನೂ ಏಳು ವರ್ಷದ ಮಗಳೂ ಅವರನ್ನು ಸೇರಿಕೊಳ್ಳಬೇಕೆಂದು ಅರ್ಜಿ ತುಂಬಲು ಕುಳಿತಿದ್ದೇವೆ. ಆದರೆ ಮೂರು ಪದಗಳು ನನ್ನನ್ನು ಮುಂದೆ ಹೋಗಲು ಬಿಡುತ್ತಿಲ್ಲ.

ಮೊದಲನೆಯದು ಸ್ಪಾನ್ಸರ್. ನನ್ನ ಖರ್ಚನ್ನು ನೋಡಿಕೊಳ್ಳುವವರು ಪತಿ, ಅವರನ್ನು ಕರೆಸಿಕೊಂಡಿರುವುದು ಕಂಪನಿ. ಹಾಗಾದರೆ ನನಗೆ ಸ್ಪಾನ್ಸರ್ ಯಾರು? ಎರಡನೆಯದು ಡಿಪೆಂಡೆಂಟ್. ನಾನು ಇಲ್ಲಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಬೋಧಿಸುತ್ತೇನೆ, ಸ್ವಂತ ಸಂಬಳವಿದೆ. ಅವಲಂಬಿತಳು ಎಂದು ಬರೆದುಕೊಟ್ಟರೆ ಸುಳ್ಳು ಹೇಳಿದಂತಾಗುವುದಿಲ್ಲವೇ? ನಾಳೆ ಅಲ್ಲಿ ಕೆಲಸಕ್ಕೆ ಸೇರಿದರೆ ಆ ಮಾತನ್ನು ಮುರಿದಂತಾಗುತ್ತದೆಯೇ? ಮೂರನೆಯದು ಎಂಡಾರ್ಸ್‌ಮೆಂಟ್. ನನ್ನ ಜೊತೆ ಪಿಎಚ್‌ಡಿ ಮಾಡಿದ ಗೆಳತಿ "ಡಿಪೆಂಡೆಂಟ್ ಆಗಿ ಏಕೆ ಹೋಗುತ್ತೀಯ, ಎಂಡಾರ್ಸ್‌ಮೆಂಟ್ ಮಾಡಿಸಿಕೊಂಡು ನೀನೇ ಹೋಗು" ಎನ್ನುತ್ತಾಳೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ತಂದೆ ಇದನ್ನು ಕೇಳಿ ನಕ್ಕುಬಿಟ್ಟರು. ಅವರ ಕಚೇರಿಯಲ್ಲಿ ಎಂಡಾರ್ಸ್‌ಮೆಂಟ್ ಎಂದರೆ ಹಿಂಬರಹ. ನಿಮ್ಮ ಕೆಲಸ ಆಗುವುದಿಲ್ಲ, ಕಾರಣ ಹೀಗಿದೆ ಎಂದು ಅರ್ಜಿದಾರನ ಕೈಗೆ ಬರೆದುಕೊಡುವ ಕಾಗದ. ಅದನ್ನು ದುಡ್ಡು ಕೊಟ್ಟು ಯಾರಾದರೂ ಕೇಳಿ ಪಡೆಯುತ್ತಾರೆಯೇ ಎಂದು ಅವರ ಪ್ರಶ್ನೆ.

ಜಿ. ಎಸ್. ರಾವ್, ದಾವಣಗೆರೆ

ಶಾಲಿನಿಯವರೇ, ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು. ನಿಮ್ಮ ತಂದೆಯವರು ಹೇಳಿದ್ದು ಕಂದಾಯ ಇಲಾಖೆಯ ಅರ್ಥ. ನಮ್ಮಲ್ಲಿ ಹಿಂಬರಹವೆಂದರೆ ಚೆಕ್ಕಿನ ಬೆನ್ನಿಗೆ ಸಹಿ ಹಾಕಿ ಇನ್ನೊಬ್ಬರಿಗೆ ದಾಟಿಸುವುದು. 1881ರ ನೆಗೋಷಿಯೆಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ ಪ್ರಕಾರ ಹಾಗೆ ಸಹಿ ಹಾಕಿದವನು, ಬೇರೆ ಮಾತು ಬರೆಯದಿದ್ದರೆ, ಆ ಹಣಕ್ಕೆ ತಾನೂ ಹೊಣೆಯಾಗುತ್ತಾನೆ. ಹೊಣೆ ಬೇಡವೆನ್ನುವವನು "ವಿದೌಟ್ ರಿಕೋರ್ಸ್" ಎಂದು ಸೇರಿಸುತ್ತಾನೆ. ನನ್ನ ಮಗನ ಬ್ರಿಟನ್ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಎಂದು ಇದ್ದುದನ್ನು ನಾನೇ ಓದಿದ್ದೇನೆ. ಆದ್ದರಿಂದ ನಿಮ್ಮ ವೀಸಾಕ್ಕೆ ಎಂಡಾರ್ಸ್‌ಮೆಂಟ್ ಕೊಡುವ ಸಂಸ್ಥೆಯು ನಿಮ್ಮ ಖರ್ಚಿಗೆ ಜಾಮೀನು ನಿಲ್ಲುತ್ತದೆ, ಸರ್ಕಾರದ ಹಣಕ್ಕೆ ಮಾತ್ರ ಕೈ ಹಾಕುವಂತಿಲ್ಲ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಪ್ರಸಾದ್, ನ್ಯೂಜೆರ್ಸಿ

ಸ್ಪಾನ್ಸರ್ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದಿರಿ. ನನ್ನ ಹೆಂಡತಿಯ ಗ್ರೀನ್ ಕಾರ್ಡಿಗಾಗಿ ನಾನು I-864 ಎಂಬ ನಮೂನೆಗೆ ಸಹಿ ಹಾಕಿದೆ. ಅದು ಬರಿಯ ಪತ್ರವಲ್ಲ, ಸರ್ಕಾರದೊಡನೆ ಮಾಡಿಕೊಂಡ ಕರಾರು. ಅವಳ ಆದಾಯ ಬಡತನ ರೇಖೆಯ 125 ಶೇಕಡಾಕ್ಕಿಂತ ಕೆಳಗಿಳಿಯದಂತೆ ನಾನು ನೋಡಿಕೊಳ್ಳಬೇಕು. ಅವಳು ಅಮೆರಿಕದ ಪೌರತ್ವ ಪಡೆಯುವವರೆಗೆ ಇಲ್ಲವೇ 40 ತ್ರೈಮಾಸಿಕಗಳ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಆ ಹೊಣೆ ಇಳಿಯುವುದಿಲ್ಲ, ವಿಚ್ಛೇದನವಾದರೂ ಇಳಿಯುವುದಿಲ್ಲ. ನಿಮ್ಮ ಯಜಮಾನರೂ ಇಂಥದ್ದಕ್ಕೆ ಸಹಿ ಹಾಕಬೇಕಾಗುತ್ತದೆ. ಇನ್ನೊಂದು ಮಾತು, ಅವರ ಕೆಲಸ ಹೋದರೆ ಕೊನೆಯ ದಿನದಿಂದ 60 ದಿನ ಮಾತ್ರ ಸಮಯವಿರುತ್ತದೆ, ಎಲ್ಲ ದೇಶದಲ್ಲೂ ಹೀಗೆಯೇ.

ರಮಾ, ಮ್ಯಾಂಚೆಸ್ಟರ್

ನಾನು ಒಂಬತ್ತು ವರ್ಷಗಳಿಂದ ಇಲ್ಲಿನ ಕಂಪನಿಯೊಂದರ ಸಿಬ್ಬಂದಿ ವಿಭಾಗದಲ್ಲಿದ್ದು, ವೀಸಾ ವಿಷಯ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿನ ಸ್ಪಾನ್ಸರ್ ಪೋರ್ಟಲ್ಲಿನಲ್ಲಿ ಕೆಲಸಗಾರರ ದಾಖಲೆಗಳನ್ನು ನಿರ್ವಹಿಸುವವಳು. ಪ್ರಸಾದ್ ಅವರು ಹೇಳಿದ್ದು ಅಮೆರಿಕದ ಮಟ್ಟಿಗೆ ಸರಿ. ಆದರೆ ಅದನ್ನು ಇಲ್ಲಿಗೆ ಅನ್ವಯಿಸಿದರೆ ಶಾಲಿನಿಯವರು ಇಲ್ಲದ ಹೊಣೆಗೆ ಹೆದರಿ, ಇರುವ ಹೊಣೆಯನ್ನು ಮರೆಯುತ್ತಾರೆ.

ಬ್ರಿಟನ್ನಿನ ಉದ್ಯೋಗ ವೀಸಾದಲ್ಲಿ ಸ್ಪಾನ್ಸರ್ ಎಂಬ ಪದಕ್ಕೆ ಒಂದೇ ಅರ್ಥ. ಹೋಮ್ ಆಫೀಸಿನಿಂದ ಲೈಸೆನ್ಸ್ ಪಡೆದ ಉದ್ಯೋಗದಾತ. ಆ ಉದ್ಯೋಗದಾತ ನಿಮ್ಮವರ ಹೆಸರಿಗೆ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಎಂಬ ದಾಖಲೆಯನ್ನು ಕೊಟ್ಟಿರುತ್ತಾನೆ. ಹೆಸರು ಸರ್ಟಿಫಿಕೇಟ್ ಎಂದಿದ್ದರೂ ಅದು ಚೌಕಟ್ಟು ಹಾಕಿಸುವ ಕಾಗದವಲ್ಲ, ಕಂಪ್ಯೂಟರಿನಲ್ಲಿರುವ ಒಂದು ನಮೂದು. ಅದರಲ್ಲಿ ಉದ್ಯೋಗದ ಸಂಕೇತ ಸಂಖ್ಯೆ, ಸಂಬಳ, ಕೆಲಸದ ಸ್ಥಳ, ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಕೊಟ್ಟ ಮೇಲೆ ಕಂಪನಿಯ ಹೊಣೆ ಏನೆಂದರೆ, ಆ ನಮೂದು ನಿಜವಾಗಿ ಉಳಿಯುವಂತೆ ನೋಡಿಕೊಳ್ಳುವುದು, ಉಳಿಯದಿದ್ದರೆ ಹೋಮ್ ಆಫೀಸಿಗೆ ತಿಳಿಸುವುದು. ಕೆಲಸಗಾರ ಅನುಮತಿಯಿಲ್ಲದೆ ಸತತ 10 ಕೆಲಸದ ದಿನ ಬಾರದಿದ್ದರೆ, ಸಂಬಳ ಇಳಿದರೆ, ಕೆಲಸ ಬಿಟ್ಟರೆ ಅಥವಾ ತೆಗೆಯಲ್ಪಟ್ಟರೆ 10 ಕೆಲಸದ ದಿನಗಳೊಳಗೆ ವರದಿ ಮಾಡಲೇಬೇಕು. ಅಂದರೆ ಸ್ಪಾನ್ಸರ್ ಎಂಬಾತ ಪೋಷಕನಿಗಿಂತ ಹೆಚ್ಚಾಗಿ ಲೆಕ್ಕ ಒಪ್ಪಿಸುವವನು. ಕೆಲಸ ಕಾಯಂ ಎಂಬ ಭರವಸೆಯನ್ನು ಅವನು ಎಲ್ಲಿಯೂ ಕೊಟ್ಟಿರುವುದಿಲ್ಲ.

ನಿಮ್ಮ ಅರ್ಜಿಯಲ್ಲಿ ನಿಮ್ಮ ಪತಿ "ಮುಖ್ಯ ಅರ್ಜಿದಾರ". ಅವರು ನಿಮ್ಮ ಸ್ಪಾನ್ಸರ್ ಅಲ್ಲ. ಅವರ ಹೆಸರು, ಜನ್ಮದಿನಾಂಕ ಮತ್ತು GWF ಎಂದು ಆರಂಭವಾಗುವ ಅವರ ಅರ್ಜಿ ಸಂಖ್ಯೆಯನ್ನು ಕೊಟ್ಟರೆ ನಿಮ್ಮ ಕಡತ ಅವರ ಕಡತಕ್ಕೆ ಸೇರಿಕೊಳ್ಳುತ್ತದೆ. ಅಮೆರಿಕದ ನಮೂನೆಯಂಥ ಕರಾರಿಗೆ ಅವರು ಸಹಿ ಹಾಕುವುದಿಲ್ಲ.

60 ದಿನದ ವಿಷಯಕ್ಕೂ ಒಂದು ಮಾತು. ಸಂಖ್ಯೆ ಒಂದೇ ಆದರೂ ಎಣಿಕೆ ಬೇರೆ. ಅಮೆರಿಕದ ಎಚ್-1ಬಿಯಲ್ಲಿ ಕೆಲಸ ಮುಗಿದಾಗಿನಿಂದ ಎಣಿಸುತ್ತಾರೆ. ಇಲ್ಲಿ ಕಂಪನಿ ವರದಿ ಮಾಡಿದ ಮೇಲೆ ಹೋಮ್ ಆಫೀಸ್ ಒಂದು ನೋಟಿಸ್ ಕಳುಹಿಸಿ ವೀಸಾ ಅವಧಿಯನ್ನು ಸಾಮಾನ್ಯವಾಗಿ 60 ದಿನಕ್ಕೆ ಇಳಿಸುತ್ತದೆ, ಉಳಿದ ಅವಧಿ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಆ ನೋಟಿಸ್ ಬರಲು ವಾರಗಳೇ ಆಗಬಹುದು. ಪತಿಯ ಅವಧಿ ಇಳಿದರೆ ನಿಮ್ಮದೂ ಮಗಳದೂ ಇಳಿಯುತ್ತದೆ. ಡಿಪೆಂಡೆಂಟ್ ಎಂಬ ಪದದ ನಿಜವಾದ ಭಾರ ಇಲ್ಲಿದೆ.

ಅಬ್ದುಲ್ ರಹಿಮಾನ್, ಕುಂದಾಪುರ (ಈಗ ಶಾರ್ಜಾ)

ರಮಾ ಮೇಡಂ ಹೇಳಿದ ವ್ಯತ್ಯಾಸ ನನಗೆ ಹೊಸದು. ಕೊಲ್ಲಿಯಲ್ಲಿರುವ ನಾವು ಸ್ಪಾನ್ಸರ್‌ಗೆ ಕಫೀಲ್ ಎನ್ನುತ್ತೇವೆ. ಇಲ್ಲಿ ನನಗೆ ಕಂಪನಿ ಸ್ಪಾನ್ಸರ್, ನನ್ನ ಹೆಂಡತಿ ಮಕ್ಕಳಿಗೆ ನಾನೇ ಸ್ಪಾನ್ಸರ್, ಕಾಗದದಲ್ಲಿಯೂ ಹಾಗೆಯೇ ಬರೆದಿರುತ್ತದೆ. ಮೂರು ವರ್ಷದ ಹಿಂದೆ ನಾನು ಕಂಪನಿ ಬದಲಿಸುವಾಗ ಅವರ ವೀಸಾಗಳ ವಿಷಯ ಮೊದಲು ಇತ್ಯರ್ಥವಾಗದೆ ನನ್ನ ವೀಸಾವನ್ನು ರದ್ದು ಮಾಡಿಕೊಡಲಿಲ್ಲ. ನಾನು ಅದಕ್ಕಾಗಿ ಹದಿನೈದು ದಿನ ಓಡಾಡಿದೆ. ಹೆಂಡತಿ ಕೆಲಸಕ್ಕೆ ಸೇರುವಾಗ ಅವಳ ಕಂಪನಿ ಬೇರೆಯಾಗಿ ವರ್ಕ್ ಪರ್ಮಿಟ್ ಮಾಡಿಸಬೇಕಾಯಿತು. ಶಾಲಿನಿಯವರಿಗೂ ಲೀಡ್ಸ್‌ನಲ್ಲಿ ಹಾಗೆಯೇ ಪರ್ಮಿಟ್ ಬೇಕಾಗುತ್ತದೆಯೇ?

ರಮಾ, ಮ್ಯಾಂಚೆಸ್ಟರ್

ಬೇಕಾಗುವುದಿಲ್ಲ, ರಹಿಮಾನ್ ಅವರೇ. ಸ್ಕಿಲ್ಡ್ ವರ್ಕರ್‌ನ ಡಿಪೆಂಡೆಂಟ್ ಇಲ್ಲಿ ವೃತ್ತಿಪರ ಕ್ರೀಡಾಪಟು ಅಥವಾ ಕ್ರೀಡಾ ತರಬೇತುದಾರರ ಕೆಲಸವೊಂದನ್ನು ಬಿಟ್ಟು ಯಾವ ಕೆಲಸವನ್ನಾದರೂ ಮಾಡಬಹುದು, ಅದಕ್ಕೆ ಸ್ಪಾನ್ಸರ್ ಬೇಕಿಲ್ಲ, ಕನಿಷ್ಠ ಸಂಬಳದ ಷರತ್ತೂ ಇಲ್ಲ. ತಮಾಷೆಯೆಂದರೆ ಪತಿಗೆ ಇಲ್ಲದ ಈ ಸ್ವಾತಂತ್ರ್ಯ "ಅವಲಂಬಿತೆ"ಗೆ ಇದೆ. ಪತಿ ಆ ಕಂಪನಿಯ ಆ ಹುದ್ದೆಗೆ ಕಟ್ಟಿಬಿದ್ದಿರುತ್ತಾರೆ, ಪತ್ನಿ ಇಂದು ಶಾಲೆಯಲ್ಲಿ, ನಾಳೆ ಪ್ರಯೋಗಾಲಯದಲ್ಲಿ ದುಡಿಯಬಹುದು.

ಆದ್ದರಿಂದ ಶಾಲಿನಿಯವರೇ, ಅವಲಂಬಿತೆ ಎಂಬ ಕನ್ನಡ ಪದ ನಿಮ್ಮನ್ನು ದಾರಿ ತಪ್ಪಿಸುತ್ತಿದೆ. ಸಂಗಾತಿಯ ವಿಷಯದಲ್ಲಿ ಡಿಪೆಂಡೆಂಟ್ ಎಂದರೆ ಅನ್ನಕ್ಕೆ ಅವಲಂಬಿಸಿದವರು ಎಂದಲ್ಲ, ವೀಸಾಕ್ಕೆ ಅವಲಂಬಿಸಿದವರು ಎಂದು. ನಿಮ್ಮ ಕಾಲೇಜಿನ ಸಂಬಳವನ್ನು ಮುಚ್ಚಿಡುವ ಅಗತ್ಯವೇ ಇಲ್ಲ. ನಿಮ್ಮ ಮೇಲೆ ಬೀಳುವ ಹೊಣೆಗಳು ಬೇರೆ. ಮದುವೆ ನಿಜವಾಗಿ ನಡೆಯುತ್ತಿರಬೇಕು ಮತ್ತು ಇಬ್ಬರೂ ಒಟ್ಟಿಗೆ ಬಾಳುವ ಉದ್ದೇಶವಿರಬೇಕು. ಸಂಬಂಧ ಮುರಿದರೆ ಹೋಮ್ ಆಫೀಸಿಗೆ ತಿಳಿಸಬೇಕು, ಆಗ ವೀಸಾ ಮೊಟಕಾಗಬಹುದು.

ರಾವ್ ಸರ್ ಓದಿದ ಸಾಲಿನ ಅರ್ಥವೂ ಇದೇ ಜಾಗಕ್ಕೆ ಸೇರುತ್ತದೆ. ಅದು ಯಾರೋ ಜಾಮೀನು ನಿಂತದ್ದನ್ನು ಹೇಳುವುದಿಲ್ಲ, ವೀಸಾ ಪಡೆದವರ ಮೇಲಿನ ನಿರ್ಬಂಧವನ್ನು ಹೇಳುತ್ತದೆ. ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್, ವಸತಿ ನೆರವಿನಂಥ ಹಣಕ್ಕೆ ನೀವು ಅರ್ಜಿ ಹಾಕುವಂತಿಲ್ಲ. ಸರ್ಕಾರಿ ಶಾಲೆ ಮತ್ತು ಆಸ್ಪತ್ರೆ ಈ ಪಟ್ಟಿಯಲ್ಲಿಲ್ಲ. ನನ್ನ ಪರಿಚಯದ ದಂಪತಿ ಹೆದರಿ ಮಗುವನ್ನು ಎರಡು ತಿಂಗಳು ಶಾಲೆಗೇ ಸೇರಿಸಿರಲಿಲ್ಲ.

ಜಿ. ಎಸ್. ರಾವ್, ದಾವಣಗೆರೆ

ತಿದ್ದುಪಡಿಗೆ ವಂದನೆಗಳು. ಒಂದೇ ಪದ ಕಂಡಿತೆಂದು ಚೆಕ್ಕಿನ ಕಾಯಿದೆಯನ್ನು ವೀಸಾದ ಮೇಲೆ ಹೊದಿಸಿಬಿಟ್ಟೆ. ಆದರೂ ಎಂಡಾರ್ಸ್‌ಮೆಂಟ್ ಕೊಡುವವರು ಯಾವುದಕ್ಕೂ ಹೊಣೆಯಲ್ಲವಾದರೆ ಅವರ ಸಹಿಗೆ ಬೆಲೆ ಏನು ಎಂಬುದು ಉಳಿದೇ ಉಳಿಯಿತು.

ಮಹೇಶ್, ಹಾಸನ

ನಡುವೆ ಬರುತ್ತಿರುವುದಕ್ಕೆ ಕ್ಷಮಿಸಿ, ನನ್ನ ತಂಗಿಯ ವಿಷಯ ಹೇಳಬೇಕು. ಅವಳು 2023ರಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೋದಳು. ಇಲ್ಲಿನ ಏಜೆಂಟನೊಬ್ಬ "ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟಿನ ಬೆಲೆ" ಎಂದು ನಮ್ಮಿಂದ ಹನ್ನೊಂದು ಲಕ್ಷ ತೆಗೆದುಕೊಂಡ. ಅಲ್ಲಿ ವಾರಕ್ಕೆ ಹತ್ತು ಗಂಟೆಯ ಕೆಲಸವೂ ಸಿಗಲಿಲ್ಲ, ಕೊನೆಗೆ ಆ ಕಂಪನಿಯ ಲೈಸೆನ್ಸೇ ರದ್ದಾಯಿತು. ಸ್ಪಾನ್ಸರ್ ಎಂದ ಮೇಲೆ ಅವರು ನಮಗೆ ನಷ್ಟ ತುಂಬಿಕೊಡಬೇಕಲ್ಲವೇ? ಕಂಪನಿಯ ಹೆಸರು ಸರ್ಕಾರದ ಪಟ್ಟಿಯಲ್ಲಿತ್ತು, ನಾವೇ ನೋಡಿದ್ದೆವು.

ರಮಾ, ಮ್ಯಾಂಚೆಸ್ಟರ್

ಮಹೇಶ್ ಅವರೇ, ಓದಿ ಬೇಸರವಾಯಿತು. ಲೈಸೆನ್ಸ್ ಪಡೆದ ಸ್ಪಾನ್ಸರ್‌ಗಳ ಪಟ್ಟಿ gov.uk ತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಅದರಲ್ಲಿ ಹೆಸರಿದ್ದರೆ ಆ ಕಂಪನಿ ಕೆಲಸಗಾರರನ್ನು ಕರೆಸಿಕೊಳ್ಳಬಹುದು ಎಂದಷ್ಟೇ ಅರ್ಥ. ನಿಮ್ಮ ತಂಗಿಗೆ ತೋರಿಸಿದ ಹುದ್ದೆ ನಿಜವಾಗಿ ಇದೆ ಎಂಬುದಕ್ಕೆ ಅದು ಸಾಕ್ಷಿಯಾಗುವುದಿಲ್ಲ. ಸ್ಪಾನ್ಸರ್‌ಶಿಪ್ಪಿನ ಕಟ್ಟುಪಾಡು ಕಂಪನಿಗೂ ಹೋಮ್ ಆಫೀಸಿಗೂ ನಡುವಿನದು. ಮುರಿದರೆ ಲೈಸೆನ್ಸ್ ಹೋಗುತ್ತದೆ, ಆದರೆ ಆ ಕಟ್ಟುಪಾಡಿನಿಂದ ನಿಮ್ಮ ಹನ್ನೊಂದು ಲಕ್ಷ ಹಿಂದಿರುಗುವುದಿಲ್ಲ. ನಿಮ್ಮ ತಂಗಿಗೂ ಕಂಪನಿಗೂ ಇದ್ದ ಉದ್ಯೋಗ ಒಪ್ಪಂದದ ಪ್ರಕಾರ ಕೊಡಬೇಕಿದ್ದ ಸಂಬಳವನ್ನು ಎಂಪ್ಲಾಯ್‌ಮೆಂಟ್ ಟ್ರಿಬ್ಯೂನಲ್ಲಿನಲ್ಲಿ ಕೇಳಬಹುದಿತ್ತು, ಅದಕ್ಕೆ ಕಾಲಮಿತಿ ಬಹಳ ಕಡಿಮೆ. ಏಜೆಂಟನ ಮೇಲೆ ಹಾಸನದಲ್ಲಿಯೇ ಪೊಲೀಸ್ ದೂರು ಕೊಡಬೇಕು.

ಒಂದು ಗುರುತು ಎಲ್ಲರೂ ನೆನಪಿಡಿ. ಕಂಪನಿ ಕಟ್ಟಬೇಕಾದ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕವನ್ನು ಕೆಲಸಗಾರನ ತಲೆಗೆ ಹಾಕುವಂತಿಲ್ಲ. ಸರ್ಟಿಫಿಕೇಟಿಗೇ ಬೆಲೆ ಹೇಳುವವನು ಮಾರಬಾರದ್ದನ್ನು ಮಾರುತ್ತಿದ್ದಾನೆ.

ಇನ್ನು ರಾವ್ ಸರ್ ಪ್ರಶ್ನೆ. ಶಾಲಿನಿಯವರ ಗೆಳತಿ ಹೇಳಿದ್ದು ಗ್ಲೋಬಲ್ ಟ್ಯಾಲೆಂಟ್ ವೀಸಾ. ಅದಕ್ಕೆ ಉದ್ಯೋಗದಾತನೂ ಸ್ಪಾನ್ಸರೂ ಬೇಕಿಲ್ಲ. ವಿಜ್ಞಾನಿಗಳಾದರೆ ರಾಯಲ್ ಸೊಸೈಟಿಯಂಥ ಸಂಸ್ಥೆ ಅವರ ಸಂಶೋಧನೆ, ಶಿಫಾರಸು ಪತ್ರ, ಹುದ್ದೆ ಅಥವಾ ಫೆಲೋಶಿಪ್ಪುಗಳನ್ನು ನೋಡಿ "ಈ ಕ್ಷೇತ್ರದಲ್ಲಿ ಇವರು ಮುಂಚೂಣಿಯವರು, ಅಥವಾ ಆಗಬಲ್ಲವರು" ಎಂದು ಹೋಮ್ ಆಫೀಸಿಗೆ ಹೇಳುತ್ತದೆ. ಅದು ಎಂಡಾರ್ಸ್‌ಮೆಂಟ್. ಅಂದರೆ ತಜ್ಞರ ಅಭಿಪ್ರಾಯ, ಜಾಮೀನಲ್ಲ. ಅದು ದೊರೆತ ಮೂರು ತಿಂಗಳೊಳಗೆ ವೀಸಾ ಅರ್ಜಿ ಹಾಕಬೇಕು. ಆಮೇಲೆ ಸಂಸ್ಥೆ ನಿಮ್ಮ ಹಾಜರಿ ತೆಗೆದುಕೊಳ್ಳುವುದಿಲ್ಲ, ಆದರೆ ವೀಸಾ ವಿಸ್ತರಿಸುವಾಗ ಆ ಕ್ಷೇತ್ರದಲ್ಲಿಯೇ ದುಡಿದು ಗಳಿಸಿದ್ದನ್ನು ನೀವು ತೋರಿಸಬೇಕು, ಎಂಡಾರ್ಸ್‌ಮೆಂಟ್ ಹಿಂದೆ ಪಡೆಯಲ್ಪಟ್ಟಿರಬಾರದು.

ಎಲ್ಲ ಎಂಡಾರ್ಸ್‌ಮೆಂಟುಗಳೂ ಹೀಗೆ ಕೈಬಿಡುವುದಿಲ್ಲ. 2023ರ ಏಪ್ರಿಲ್‌ನಲ್ಲಿ ಬಂದ ಇನೊವೇಟರ್ ಫೌಂಡರ್ ವೀಸಾದಲ್ಲಿ, ಉದ್ಯಮವನ್ನು ಒಪ್ಪಿ ಸಹಿ ಮಾಡಿದ ಸಂಸ್ಥೆಯೇ 12ನೇ ಮತ್ತು 24ನೇ ತಿಂಗಳ ಹೊತ್ತಿಗೆ ಉದ್ಯಮಿಯನ್ನು ಕರೆದು ಪ್ರಗತಿ ವಿಚಾರಿಸುತ್ತದೆ, ತೃಪ್ತಿಯಾಗದಿದ್ದರೆ ಸಹಿ ಹಿಂತೆಗೆಯುತ್ತದೆ. ಪದ ಒಂದೇ, ಹಗ್ಗದ ಉದ್ದ ಬೇರೆ.

ಶಾಲಿನಿಯವರೇ, ಪಿಎಚ್‌ಡಿ ಇದೆಯೆಂದ ಮಾತ್ರಕ್ಕೆ ಆ ದಾರಿ ತೆರೆಯುವುದಿಲ್ಲ. ಈಗ ಡಿಪೆಂಡೆಂಟ್ ಆಗಿ ಬಂದು ಮುಂದೆ ಯೋಗ್ಯತೆ ಕೂಡಿಬಂದಾಗ ಇಲ್ಲಿಂದಲೇ ಅರ್ಜಿ ಹಾಕಬಹುದು.

ಅದಕ್ಕಿಂತ ತುರ್ತಾದದ್ದು ಹಣದ ಲೆಕ್ಕ. ನಿಮ್ಮ ಪತಿಯ ಸರ್ಟಿಫಿಕೇಟಿನಲ್ಲಿ ಕಂಪನಿಯು ಮೊದಲ ತಿಂಗಳ ಜೀವನ ಖರ್ಚನ್ನು ನೋಡಿಕೊಳ್ಳುವುದಾಗಿ ಪ್ರಮಾಣೀಕರಿಸಿದೆಯೇ, ಪ್ರಮಾಣೀಕರಿಸಿದ್ದರೆ ಅದರಲ್ಲಿ ಕುಟುಂಬವೂ ಸೇರಿದೆಯೇ ಎಂದು ಕೇಳಿ. ಅವರಿಗೆ ಮಾತ್ರ ಎಂದಿದ್ದರೆ ನಿಮಗೆ 285 ಪೌಂಡ್, ಮೊದಲ ಮಗುವಿಗೆ 315 ಪೌಂಡ್, ಒಟ್ಟು 600 ಪೌಂಡ್ ನಿಮ್ಮ ಅಥವಾ ಪತಿಯ ಖಾತೆಯಲ್ಲಿ ಸತತ 28 ದಿನ ಇದ್ದುದನ್ನು ತೋರಿಸಬೇಕು.

ಶಾಲಿನಿ, ಮೈಸೂರು

ರಮಾ ಅಕ್ಕ, ಕಂಪನಿಯಿಂದ ಉತ್ತರ ಬಂತು. ಪ್ರಮಾಣೀಕರಣ ಅವರೊಬ್ಬರಿಗೆ ಮಾತ್ರವಂತೆ. ನಾವು ಇಷ್ಟು ದಿನ ಕಂಪನಿ ಎಲ್ಲರನ್ನೂ ನೋಡಿಕೊಳ್ಳುತ್ತದೆ ಎಂದುಕೊಂಡಿದ್ದೆವು. ಅವರು ಮನೆ ಬಾಡಿಗೆಗೆ ಮುಂಗಡ ಕಟ್ಟಿರುವುದರಿಂದ ಅಲ್ಲಿನ ಖಾತೆ ಬರಿದಾಗಿದೆ. ನನ್ನ ಉಳಿತಾಯ ಖಾತೆಯಲ್ಲಿ ಜೂನ್ ಒಂದರಿಂದ 85,000 ರೂಪಾಯಿ ಇತ್ತು. ಜೂನ್ 14ರಂದು ಮಗಳ ಶಾಲಾ ಶುಲ್ಕವೆಂದು 30,000 ಕಟ್ಟಿದೆ, 19ರಂದು ತಂದೆಯವರು 40,000 ಹಾಕಿದರು. ಈಗ 95,000 ಇದೆ. ಸರಾಸರಿ ತೆಗೆದರೆ ಸಾಕಷ್ಟಿದೆಯಲ್ಲವೇ?

ರಮಾ, ಮ್ಯಾಂಚೆಸ್ಟರ್

ಸರಾಸರಿಯನ್ನು ಅವರು ನೋಡುವುದಿಲ್ಲ, ಅತಿ ಕೆಳಗಿಳಿದ ದಿನವನ್ನು ನೋಡುತ್ತಾರೆ. ಪೌಂಡಿಗೆ 115 ರೂಪಾಯಿ ಎಂದು ಹಿಡಿದರೂ 600 ಪೌಂಡಿಗೆ 69,000 ಬೇಕು. ಜೂನ್ 14ರಿಂದ 18ರವರೆಗೆ ನಿಮ್ಮ ಖಾತೆಯಲ್ಲಿ 55,000 ಮಾತ್ರ ಇತ್ತು. ಆ ಐದು ದಿನ ಹಿಂದಿನ ಎಣಿಕೆಯನ್ನೆಲ್ಲ ಅಳಿಸಿಹಾಕಿದವು. ಹೊಸ ಎಣಿಕೆ ಜೂನ್ 19ರಿಂದ ಶುರುವಾಗಿ ಜುಲೈ 16ಕ್ಕೆ 28 ದಿನ ತುಂಬುತ್ತದೆ. ಆ ದಿನದವರೆಗಿನ ಸ್ಟೇಟ್‌ಮೆಂಟ್ ತೆಗೆಸಿಕೊಂಡರೆ, ಅದರ ಕೊನೆಯ ದಿನದಿಂದ 31 ದಿನಗಳೊಳಗೆ, ಅಂದರೆ ಆಗಸ್ಟ್ 16ರೊಳಗೆ ಅರ್ಜಿ ಸಲ್ಲಿಸಬೇಕು. ವಿನಿಮಯ ದರವನ್ನು ಅರ್ಜಿ ಹಾಕಿದ ದಿನದ ಓಅಂಡ ಎಂಬ ತಾಣದ ದರದಂತೆ ಲೆಕ್ಕ ಹಾಕುತ್ತಾರೆ, ಆದ್ದರಿಂದ ರೂಪಾಯಿ ಕುಸಿದರೂ ಸಾಲುವಂತೆ ಹತ್ತು ಸಾವಿರದ ಅಂತರವಿಟ್ಟುಕೊಳ್ಳಿ, ಈಗಿರುವ 95,000ಕ್ಕೆ ಕೈಹಚ್ಚಬೇಡಿ. ತಂದೆಯವರ 40,000 ಕೊಡುಗೆಯೇ ಎಂದು ಒಂದು ಪತ್ರ ಬರೆಸಿಟ್ಟುಕೊಂಡರೆ ಪ್ರಶ್ನೆ ಬಂದಾಗ ಉತ್ತರವಿರುತ್ತದೆ. ಅವರ ಸ್ವಂತ ಖಾತೆಯ ಸ್ಟೇಟ್‌ಮೆಂಟನ್ನು ಮಾತ್ರ ನಿಮ್ಮ ಹಣವೆಂದು ಲಗತ್ತಿಸಬೇಡಿ. ತಂದೆ ಇಲ್ಲಿ ಸ್ಪಾನ್ಸರೂ ಅಲ್ಲ, ಮುಖ್ಯ ಅರ್ಜಿದಾರರೂ ಅಲ್ಲ.

ಪ್ರಸಾದ್, ನ್ಯೂಜೆರ್ಸಿ

ಎಲ್ಲ ದೇಶದಲ್ಲೂ ಎಂದಿದ್ದು ತಪ್ಪಾಯಿತು. ಆದರೂ ಬ್ರಿಟನ್ನಿನಲ್ಲಿ ಕುಟುಂಬದವರು ಮುಚ್ಚಳಿಕೆ ಬರೆದುಕೊಡುವ ಪದ್ಧತಿಯೇ ಇಲ್ಲವೆಂದರೆ ನಂಬಲಾಗುತ್ತಿಲ್ಲ.

ಸುಧೀಂದ್ರ, ಧಾರವಾಡ

ನನ್ನ ಪ್ರಶ್ನೆಯೂ ಅದರ ಹತ್ತಿರದ್ದೇ. ತಮ್ಮ ಲಂಡನ್ನಿನಲ್ಲಿ ಸ್ಕಿಲ್ಡ್ ವರ್ಕರ್ ಆಗಿದ್ದಾನೆ. ನಮ್ಮ ತಾಯಿಗೆ 68 ವರ್ಷ, ಪೂರ್ತಿ ನಮ್ಮನ್ನೇ ಅವಲಂಬಿಸಿದ್ದಾರೆ. ನಿಜವಾದ ಡಿಪೆಂಡೆಂಟ್ ಎಂದರೆ ಅವರೇ ಅಲ್ಲವೇ? ತಮ್ಮ ತನ್ನ ವೀಸಾದ ಮೇಲೆ ಅವರನ್ನು ಕರೆಸಿಕೊಳ್ಳಬಹುದೇ?

ರಮಾ, ಮ್ಯಾಂಚೆಸ್ಟರ್

ಕರೆಸಿಕೊಳ್ಳಲಾಗುವುದಿಲ್ಲ, ಸುಧೀಂದ್ರ ಅವರೇ. ಅನ್ನಕ್ಕೆ ಅವಲಂಬಿಸಿದ ತಾಯಿ ಈ ವೀಸಾದಲ್ಲಿ ಡಿಪೆಂಡೆಂಟ್ ಅಲ್ಲ, ಸ್ವಂತ ಸಂಬಳವಿರುವ ಪತ್ನಿ ಡಿಪೆಂಡೆಂಟ್. ಸಂಗಾತಿ ಮತ್ತು 18 ವರ್ಷದೊಳಗಿನ ಮಕ್ಕಳಿಗಷ್ಟೇ ಆ ಪದ ಸಲ್ಲುತ್ತದೆ, ಮೊದಲೇ ಡಿಪೆಂಡೆಂಟ್ ಆಗಿದ್ದ ಮಕ್ಕಳು ಮಾತ್ರ 18 ದಾಟಿದ ಮೇಲೂ ಮುಂದುವರಿಯಬಹುದು. ಸಂಗಾತಿ, ಮಕ್ಕಳನ್ನು ಕರೆತರಲೂ ಎಲ್ಲ ಉದ್ಯೋಗದವರಿಗೆ ಅವಕಾಶವಿಲ್ಲ. 2024ರ ಮಾರ್ಚ್ 11ರಿಂದ ಹೊಸದಾಗಿ ಬಂದ ಆರೈಕೆ ಕೆಲಸಗಾರರು ಕುಟುಂಬವನ್ನು ಕರೆತರುವಂತಿಲ್ಲ.

ಪ್ರಸಾದ್ ಅವರ ಅನುಮಾನ ಮಾತ್ರ ಸರಿಯಾದದ್ದೇ, ಮುಚ್ಚಳಿಕೆ ಇಲ್ಲಿ ಇದೆ. ತಾಯಿಯನ್ನು ನೆಲೆಸಲು ಕರೆತರುವ ಬೇರೊಂದು ದಾರಿಯಿದೆ, ಅಡಲ್ಟ್ ಡಿಪೆಂಡೆಂಟ್ ರಿಲೆಟಿವ್ ಎಂದು. ಅಲ್ಲಿ ಕರೆಸುವ ಮಗನನ್ನೇ ಸ್ಪಾನ್ಸರ್ ಎನ್ನುತ್ತಾರೆ. ಅವನು ಸಾಮಾನ್ಯವಾಗಿ ಬ್ರಿಟಿಷ್ ಪ್ರಜೆಯೋ ಕಾಯಂ ನಿವಾಸಿಯೋ ಆಗಿರಬೇಕು ಮತ್ತು ಸರ್ಕಾರದ ಹಣ ಮುಟ್ಟದೆ ಐದು ವರ್ಷ ತಾಯಿಯ ಊಟ, ವಸತಿ, ಆರೈಕೆ ನೋಡಿಕೊಳ್ಳುವೆನೆಂದು ಬರೆದುಕೊಡಬೇಕು. ಆದರೆ 2012ರ ಜುಲೈಯಿಂದ ಆ ಬಾಗಿಲು ಬಹಳ ಕಿರಿದಾಗಿದೆ. ದಿನನಿತ್ಯದ ಕೆಲಸಕ್ಕೂ ದೀರ್ಘಕಾಲ ಇನ್ನೊಬ್ಬರ ನೆರವು ಬೇಕು ಮತ್ತು ಆ ನೆರವು ಭಾರತದಲ್ಲಿ ಹಣ ಕೊಟ್ಟರೂ ಸಿಗುವುದಿಲ್ಲ ಅಥವಾ ಕೈಗೆಟಕುವುದಿಲ್ಲ ಎಂದು ಸಾಬೀತು ಮಾಡಬೇಕು. ನಿಮ್ಮ ತಮ್ಮನಿಗೆ ಸದ್ಯ ಆ ಮಾತೇ ಇಲ್ಲ.

ಉಳಿಯುವುದು ಪ್ರವಾಸಿ ವೀಸಾ, ಒಮ್ಮೆಗೆ ಆರು ತಿಂಗಳು. ಅದರಲ್ಲಿ ನಿಮ್ಮ ತಮ್ಮನು ಖರ್ಚು ಕೊಡುವವನು. ಅವನೊಡನೆ ನಿಜವಾದ ಸಂಬಂಧವಿದೆ, ಅವನು ವೀಸಾ ನಿಯಮ ಮೀರಿಲ್ಲ, ತಾಯಿ ಇರುವಷ್ಟು ದಿನ ಖರ್ಚು ನೋಡಿಕೊಳ್ಳಬಲ್ಲ ಎಂದು ತೋರಿಸಿದರೆ ಸಾಕು. ಅವನ ಪತ್ರದಿಂದ ವೀಸಾ ಖಾತರಿಯಾಗುವುದಿಲ್ಲ. ತಾಯಿ ಧಾರವಾಡಕ್ಕೆ ಹಿಂದಿರುಗುತ್ತಾರೆ ಎಂಬುದನ್ನು ಅವರ ಸ್ವಂತ ಕಾಗದಗಳೇ ಹೇಳಬೇಕು. "ಅವರು ಪೂರ್ತಿ ನಮ್ಮನ್ನೇ ಅವಲಂಬಿಸಿದ್ದಾರೆ" ಎಂದು ಆ ಅರ್ಜಿಯಲ್ಲಿ ಒತ್ತಿ ಬರೆದರೆ ಅಧಿಕಾರಿಗೆ ಅನುಮಾನ ಹುಟ್ಟಿಸಿದಂತೆ.

ಸುಧೀಂದ್ರ, ಧಾರವಾಡ

ಹೋದ ವರ್ಷ ತಿರಸ್ಕೃತವಾದ ಅರ್ಜಿಯಲ್ಲಿ ನಾವು ಅದನ್ನೇ ಮೂರು ಕಡೆ ಬರೆದಿದ್ದೆವು. ಧಾರವಾಡದ ಮನೆ ತಾಯಿಯ ಹೆಸರಿನಲ್ಲಿಯೇ ಇದೆ, ಆ ಕಾಗದವನ್ನು ಹಾಕಿರಲಿಲ್ಲ. ಹಳೆಯ ತಿರಸ್ಕಾರವನ್ನು ಹೊಸ ಅರ್ಜಿಯಲ್ಲಿ ಹೇಳಲೇಬೇಕೇ?

ರಮಾ, ಮ್ಯಾಂಚೆಸ್ಟರ್

ಹೇಳಲೇಬೇಕು. ಮುಚ್ಚಿಟ್ಟದ್ದು ಕಂಡರೆ ವಂಚನೆಯೆಂದು ಪರಿಗಣಿಸಿ ಹತ್ತು ವರ್ಷದವರೆಗೆ ಬಾಗಿಲು ಮುಚ್ಚಬಹುದು. ತಿರಸ್ಕಾರ ಪತ್ರದ ಕಾರಣಗಳನ್ನು ಹೆಸರು, ಸಂಖ್ಯೆ ತೆಗೆದು ಇಲ್ಲಿ ಹಾಕಿ, ನೋಡೋಣ. ಮನೆಯ ಕಾಗದವೊಂದರಿಂದಲೇ ಅವರಿಗೆ ತೃಪ್ತಿಯಾಗುತ್ತದೆಯೋ ಎಂದು ನಾನು ಈಗಲೇ ಮಾತು ಕೊಡಲಾರೆ.

ಶಾಲಿನಿ, ಮೈಸೂರು

ಸ್ಪಾನ್ಸರ್ ಜಾಗದಲ್ಲಿ ಪತಿಯ ಹೆಸರು ತುಂಬಿದ್ದ ಪುಟವನ್ನು ಅಳಿಸಿ ತಿದ್ದಿದ್ದೇನೆ. ಜುಲೈ 17ಕ್ಕೆ ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತರುತ್ತೇನೆ. ತಂದೆಯವರು 40,000ಕ್ಕೆ ಕೊಡುಗೆ ಪತ್ರ ಬರೆದುಕೊಟ್ಟು, ಅದರ ಮೇಲೆ "ಹಿಂಬರಹ" ಎಂದು ಶೀರ್ಷಿಕೆ ಹಾಕಲೇ ಎಂದು ಕೇಳುತ್ತಿದ್ದಾರೆ.